ಎಎಂ ಮತ್ತು ಎಫ್‌ಎಂ: ಬ್ಯಾಂಡ್‌ವಿಡ್ತ್ ಮತ್ತು ಗದ್ದಲದ ಲೆಕ್ಕಾಚಾರ (ಪದೇ ಪದೇ ಕೇಳುವ ಪ್ರಶ್ನೆಗಳು)

ವಾಹಕ ತರಂಗದ ಪಾರವನ್ನು ಧ್ವನಿಗೆ ತಕ್ಕಂತೆ ಏರಿಳಿಸಿದರೆ ಅದು ಎಎಂ. ಪಾರವನ್ನು ಹಾಗೇ ಬಿಟ್ಟು ಆವೃತ್ತಿಯನ್ನು ಅತ್ತಿತ್ತ ಸರಿಸಿದರೆ ಅದು ಎಫ್‌ಎಂ. ಇಷ್ಟು ತಿಳಿದವರು ಮುಂದೆ ಕೇಳುವ ಪ್ರಶ್ನೆಗಳು ಹೆಚ್ಚಾಗಿ ಎರಡೇ ವಿಷಯಗಳ ಸುತ್ತ ಇರುತ್ತವೆ: ಎಫ್‌ಎಂಗೆ ಅಷ್ಟೊಂದು ಜಾಗ ಏಕೆ ಬೇಕು, ಮತ್ತು ಅದರಲ್ಲಿ ಗದ್ದಲ ಏಕೆ ಕಡಿಮೆ. ಇವು ಬೇರೆ ಬೇರೆ ಪ್ರಶ್ನೆಗಳಲ್ಲ, ಒಂದೇ ಲೆಕ್ಕದ ಎರಡು ಬದಿಗಳು ಎಂಬುದನ್ನು ತೋರಿಸುವಂತೆ ಇಲ್ಲಿನ ಉತ್ತರಗಳನ್ನು ಜೋಡಿಸಿದೆ. ಒಂದರ ಲೆಕ್ಕ ಮುಂದಿನದಕ್ಕೆ ಬೇಕಾಗುವುದರಿಂದ ಅವುಗಳನ್ನು ಕ್ರಮವಾಗಿ ಓದುವುದು ಒಳ್ಳೆಯದು.

ಎಎಂ ಪ್ರಸಾರಕ್ಕೆ ಎಷ್ಟು ಬ್ಯಾಂಡ್‌ವಿಡ್ತ್ ಬೇಕು?

ಕಳುಹಿಸಬೇಕಾದ ಧ್ವನಿಯ ಅತಿ ಹೆಚ್ಚಿನ ಆವೃತ್ತಿಯ ಎರಡರಷ್ಟು ಬೇಕು. 1000 ಕಿಲೋಹರ್ಟ್ಸ್ ವಾಹಕವನ್ನು 5 ಕಿಲೋಹರ್ಟ್ಸ್ ಸ್ವರದಿಂದ ಮಾಡ್ಯುಲೇಟ್ ಮಾಡಿದರೆ 995 ಮತ್ತು 1005 ಕಿಲೋಹರ್ಟ್ಸ್‌ಗಳಲ್ಲಿ ಒಂದೊಂದು ಪಾರ್ಶ್ವ ಆವೃತ್ತಿ ಹುಟ್ಟುತ್ತದೆ. ಹೀಗಾಗಿ ಒಟ್ಟು 10 ಕಿಲೋಹರ್ಟ್ಸ್ ಜಾಗ ಬೇಕಾಗುತ್ತದೆ. ಸ್ವರದ ಗಟ್ಟಿತನವನ್ನು ಹೆಚ್ಚಿಸಿದರೆ ಪಾರ್ಶ್ವ ಆವೃತ್ತಿಗಳು ಬಲಗೊಳ್ಳುತ್ತವೆಯೇ ಹೊರತು ವಾಹಕದಿಂದ ಇನ್ನಷ್ಟು ದೂರ ಸರಿಯುವುದಿಲ್ಲ. ಮಾಡ್ಯುಲೇಷನ್ ನೂರು ಶೇಕಡಾ ದಾಟಿದಾಗ ಮಾತ್ರ ತರಂಗದ ಹೊರರೇಖೆ ಕತ್ತರಿಸಿದಂತಾಗಿ ಹೊಸ ಆವೃತ್ತಿಗಳು ಅಕ್ಕಪಕ್ಕದ ಚಾನೆಲ್‌ಗಳಿಗೆ ಚೆಲ್ಲುತ್ತವೆ.

ಎಫ್‌ಎಂನಲ್ಲಿ ಆವೃತ್ತಿ ಎರಡೂ ಕಡೆ 75 ಕಿಲೋಹರ್ಟ್ಸ್ ಸರಿದರೆ 150 ಕಿಲೋಹರ್ಟ್ಸ್ ಜಾಗ ಸಾಕಲ್ಲವೇ?

ಸಾಲದು. ಒಂದು ಕ್ಷಣದಲ್ಲಿ ಆವೃತ್ತಿ ಎಲ್ಲಿದೆ ಎಂಬುದು ಬೇರೆ, ತರಂಗದ ಶಕ್ತಿ ಯಾವ ಯಾವ ಆವೃತ್ತಿಗಳಲ್ಲಿ ಹರಡಿದೆ ಎಂಬುದು ಬೇರೆ. ಒಂದೇ ಸ್ವರದಿಂದ ಮಾಡ್ಯುಲೇಟ್ ಆದ ಎಫ್‌ಎಂ ತರಂಗದಲ್ಲಿ ವಾಹಕದ ಎರಡೂ ಬದಿಗೆ ಆ ಸ್ವರದ ಆವೃತ್ತಿಯಷ್ಟೇ ಅಂತರ ಬಿಟ್ಟುಕೊಂಡು ಪಾರ್ಶ್ವ ಆವೃತ್ತಿಗಳ ಸಾಲು ಏಳುತ್ತದೆ. ಗಣಿತದ ಪ್ರಕಾರ ಆ ಸಾಲಿಗೆ ಕೊನೆಯಿಲ್ಲ, ಆದರೆ ಒಂದು ಹಂತದ ನಂತರ ಅವು ಬೇಗ ಕ್ಷೀಣಿಸುತ್ತವೆ. ಎಲ್ಲಿ ನಿಲ್ಲಿಸಬಹುದು ಎಂಬುದಕ್ಕೆ ಕಾರ್ಸನ್ ನಿಯಮವನ್ನು ಬಳಸುತ್ತಾರೆ:

`B = 2(Δf + fm)`

ಇಲ್ಲಿ `Δf` ಎಂದರೆ ಗರಿಷ್ಠ ವಿಚಲನೆ, ಅಂದರೆ ವಾಹಕ ತನ್ನ ಸ್ಥಾನದಿಂದ ಒಂದು ಬದಿಗೆ ಸರಿಯುವ ಅತಿ ಹೆಚ್ಚಿನ ದೂರ. `fm` ಎಂದರೆ ಧ್ವನಿಯ ಅತಿ ಹೆಚ್ಚಿನ ಆವೃತ್ತಿ. ಮೋನೋ ಪ್ರಸಾರದಲ್ಲಿ ಇವು 75 ಮತ್ತು 15 ಕಿಲೋಹರ್ಟ್ಸ್ ಆಗಿರುವುದರಿಂದ 180 ಕಿಲೋಹರ್ಟ್ಸ್ ಬೇಕಾಗುತ್ತದೆ. ಇಷ್ಟು ಜಾಗದೊಳಗೆ ಒಟ್ಟು ಶಕ್ತಿಯ ಸುಮಾರು 98 ಶೇಕಡಾ ಅಡಗುತ್ತದೆ. ಅದೇ 15 ಕಿಲೋಹರ್ಟ್ಸ್ ಧ್ವನಿಯನ್ನು ಎಎಂನಲ್ಲಿ ಕಳುಹಿಸಿದ್ದರೆ 30 ಕಿಲೋಹರ್ಟ್ಸ್ ಸಾಕಾಗುತ್ತಿತ್ತು; ಎಂದರೆ ಎಫ್‌ಎಂ ಆರು ಪಟ್ಟು ಜಾಗ ತೆಗೆದುಕೊಳ್ಳುತ್ತಿದೆ. ಈ ಆರು ಪಟ್ಟು ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಧ್ಯಮ ತರಂಗಗಳ ಪಟ್ಟಿಯಲ್ಲಿ 9 ಕಿಲೋಹರ್ಟ್ಸ್ ಅಂತರವಿರುವ ದೇಶಗಳಲ್ಲಿ 531ರಿಂದ 1602 ಕಿಲೋಹರ್ಟ್ಸ್‌ವರೆಗೆ 120 ಎಎಂ ಚಾನೆಲ್‌ಗಳು ಹಿಡಿಸುತ್ತವೆ. ಅದೇ ಪಟ್ಟಿಯಲ್ಲಿ 200 ಕಿಲೋಹರ್ಟ್ಸ್ ಅಗಲದ ಎಫ್‌ಎಂ ಚಾನೆಲ್‌ಗಳನ್ನು ಕೂರಿಸಹೋದರೆ ಐದು ಮಾತ್ರ ಹಿಡಿಸುತ್ತವೆ. ಅಗಲಪಟ್ಟಿಯ ಎಫ್‌ಎಂ ಅತಿ ಹೆಚ್ಚಿನ ಆವೃತ್ತಿಗಳಿಗೆ, ಅಂದರೆ 88ರಿಂದ 108 ಮೆಗಾಹರ್ಟ್ಸ್‌ನಂತಹ ಪಟ್ಟಿಗೆ, ಹೋಗಲೇಬೇಕಾಗಿ ಬಂದದ್ದು ಇದರಿಂದಲೇ.

ವಿಚಲನೆಯನ್ನು ತೀರ ಕಡಿಮೆ ಮಾಡಿ ಎಫ್‌ಎಂ ಅನ್ನು ಎಎಂಗಿಂತ ಕಿರಿದಾಗಿಸಬಹುದೇ?

ಆಗದು. ಎಫ್‌ಎಂನ ಆರಂಭದ ದಿನಗಳಲ್ಲಿ ಹಲವರು ಬಯಸಿದ್ದು ಇದನ್ನೇ. ಆವೃತ್ತಿಯನ್ನು ನೂರು ಹರ್ಟ್ಸ್ ಮಾತ್ರ ಸರಿಸಿದರೆ ಇನ್ನೂರು ಹರ್ಟ್ಸ್ ಅಗಲದಲ್ಲಿ ಒಂದು ಪ್ರಸಾರ ಮುಗಿಯಬಹುದು ಎಂಬ ಊಹೆ ಆಗ ಇತ್ತು. ಜಾನ್ ಕಾರ್ಸನ್ 1922ರ ತಮ್ಮ ಲೇಖನದಲ್ಲಿ ಈ ಊಹೆ ತಪ್ಪೆಂದು ಗಣಿತದಿಂದ ತೋರಿಸಿದರು. ಮೇಲಿನ ಸೂತ್ರದಲ್ಲಿ ವಿಚಲನೆಯನ್ನು ಸೊನ್ನೆಯ ಹತ್ತಿರಕ್ಕೆ ತಂದರೂ ಧ್ವನಿಯ ಆವೃತ್ತಿಯ ಎರಡರಷ್ಟು ಜಾಗ ಉಳಿದೇ ಉಳಿಯುತ್ತದೆ, ಅದು ಎಎಂಗೆ ಬೇಕಾದಷ್ಟೇ ಜಾಗ. ಆ ಕಾಲಕ್ಕೆ ಇದು ಎಫ್‌ಎಂ ವಿರುದ್ಧದ ತೀರ್ಪಿನಂತೆ ಕಂಡಿತು. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅದಕ್ಕೆ ತದ್ವಿರುದ್ಧ ದಾರಿ ಹಿಡಿದು, ಜಾಗ ಉಳಿಸುವ ಯೋಚನೆಯನ್ನೇ ಬಿಟ್ಟು, ವಿಚಲನೆಯನ್ನು ಬೇಕೆಂದೇ ಹೆಚ್ಚಿಸಿದರು. 1933ರಲ್ಲಿ ಪೇಟೆಂಟ್‌ಗಳನ್ನು ಪಡೆದು, 1936ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಹೀಗೆ ಅಗಲಿಸಿದಾಗ ಗದ್ದಲ ತಗ್ಗುತ್ತದೆ ಎಂಬುದನ್ನು ವಿವರಿಸಿದರು. ಕಾರ್ಸನ್ ಅವರ ಗಣಿತದಲ್ಲಿ ತಪ್ಪಿರಲಿಲ್ಲ; ಅವರು ಕೇಳಿಕೊಂಡ ಪ್ರಶ್ನೆಯೇ ಬೇರೆಯಾಗಿತ್ತು.

ಗದ್ದಲ ಪಾರವನ್ನು ಮಾತ್ರ ಕೆಡಿಸುತ್ತದೆ, ಎಫ್‌ಎಂ ರಿಸೀವರ್‌ನ ಲಿಮಿಟರ್ ಅದನ್ನು ಕತ್ತರಿಸಿಹಾಕುತ್ತದೆ ಎಂದು ಓದಿದ್ದೇವೆ. ಇದು ಸರಿಯೇ?

ಅರ್ಧ ಸರಿ. ಪಠ್ಯಗಳಲ್ಲಿ ಬಹಳ ಹರಡಿರುವ ಈ ವಿವರಣೆ ಮುಖ್ಯ ಕಾರಣವನ್ನೇ ಮರೆಮಾಡುವುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ವಾಹಕವನ್ನು ಒಂದು ಉದ್ದನೆಯ ಬಾಣವೆಂದೂ, ಅದರ ತುದಿಗೆ ಅಂಟಿಕೊಂಡು ಎತ್ತೆತ್ತಲೋ ತಿರುಗುವ ಪುಟ್ಟ ಬಾಣವೇ ಗದ್ದಲವೆಂದೂ ಚಿತ್ರಿಸಿಕೊಳ್ಳಿ. ಪುಟ್ಟ ಬಾಣ ದೊಡ್ಡದರ ದಿಕ್ಕಿನಲ್ಲೇ ಇದ್ದಾಗ ಒಟ್ಟು ಉದ್ದ ಬದಲಾಗುತ್ತದೆ, ಎಂದರೆ ಪಾರ ಕೆಡುತ್ತದೆ. ಅದು ದೊಡ್ಡ ಬಾಣಕ್ಕೆ ಲಂಬವಾಗಿ ನಿಂತಾಗ ಉದ್ದ ಹೆಚ್ಚುಕಡಿಮೆ ಹಾಗೇ ಉಳಿದು ಕೋನ ಬದಲಾಗುತ್ತದೆ, ಎಂದರೆ ಫೇಸ್ ಕೆಡುತ್ತದೆ. ಗದ್ದಲಕ್ಕೆ ಈ ಎರಡು ದಿಕ್ಕುಗಳಲ್ಲಿ ಯಾವುದರ ಮೇಲೂ ವಿಶೇಷ ಒಲವಿಲ್ಲ. ಸರಾಸರಿಯಲ್ಲಿ ಅದರ ಶಕ್ತಿ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಲಿಮಿಟರ್ ಉದ್ದದ ಏರಿಳಿತವನ್ನು ಅಳಿಸುತ್ತದೆ, ಕೋನದ ಅಲುಗಾಟವನ್ನು ಮುಟ್ಟುವುದಿಲ್ಲ. ಎಫ್‌ಎಂ ಡಿಟೆಕ್ಟರ್ ನೋಡುವುದು ಆ ಕೋನವನ್ನೇ ಆದ್ದರಿಂದ ಲಿಮಿಟರ್ ಇದ್ದರೂ ಗದ್ದಲ ಒಳಗೆ ಬಂದೇ ಬರುತ್ತದೆ. ಲಿಮಿಟರ್ ಅಗತ್ಯವಾದ ಭಾಗ, ಅದಿಲ್ಲದಿದ್ದರೆ ಪಾರದ ಗದ್ದಲವೂ ಕೇಳಿಸೀತು. ಆದರೆ ಎಫ್‌ಎಂನ ನಿಶ್ಶಬ್ದತೆಯ ಮೂಲ ಅಲ್ಲಿಲ್ಲ.

ಹಾಗಾದರೆ ಗದ್ದಲ ಕಡಿಮೆಯಾಗುವುದು ಎಲ್ಲಿ?

ಗದ್ದಲ ಉಂಟುಮಾಡುವ ಆವೃತ್ತಿಯ ಅಲುಗಾಟ ಚಿಕ್ಕದು, ನಾವು ಬೇಕೆಂದು ಕೊಟ್ಟ ವಿಚಲನೆ ದೊಡ್ಡದು. ಇವೆರಡರ ಅನುಪಾತದಲ್ಲಿ ಉತ್ತರವಿದೆ. ಒಂದು ಉದಾಹರಣೆಯನ್ನು ಅಂಕಿಗಳಲ್ಲೇ ನೋಡೋಣ.

ವಾಹಕದ ಹತ್ತನೇ ಒಂದರಷ್ಟು ಪಾರವಿರುವ ಒಂದು ಅನಗತ್ಯ ತರಂಗ, ವಾಹಕದಿಂದ 1 ಕಿಲೋಹರ್ಟ್ಸ್ ದೂರದಲ್ಲಿ ಬಂದಿತೆನ್ನಿ. ಎಎಂ ರಿಸೀವರ್‌ನಲ್ಲಿ ಅದು ವಾಹಕದ ಪಾರವನ್ನು ಹತ್ತು ಶೇಕಡಾದಷ್ಟು ಏರಿಳಿಸುವುದರಿಂದ ಪೂರ್ಣ ಧ್ವನಿಯ ಹತ್ತನೇ ಒಂದರಷ್ಟು ಗಟ್ಟಿಯಾದ 1 ಕಿಲೋಹರ್ಟ್ಸ್ ಶಿಳ್ಳೆ ಕೇಳಿಸುತ್ತದೆ. ಎಫ್‌ಎಂ ರಿಸೀವರ್‌ನಲ್ಲಿ ಅದೇ ತರಂಗ ವಾಹಕದ ಕೋನವನ್ನು ಅತ್ತಿತ್ತ 0.1 ರೇಡಿಯನ್‌ನಷ್ಟು ಅಲುಗಿಸುತ್ತದೆ. ಕೋನ ಸೆಕೆಂಡಿಗೆ ಸಾವಿರ ಬಾರಿ ಹೀಗೆ ಅಲುಗಿದರೆ ಆವೃತ್ತಿಯಲ್ಲಿ ಆಗುವ ವಿಚಲನೆ 0.1 × 1000, ಅಂದರೆ 100 ಹರ್ಟ್ಸ್. ಪೂರ್ಣ ಧ್ವನಿಯ ವಿಚಲನೆ 75,000 ಹರ್ಟ್ಸ್. ಆದ್ದರಿಂದ ಶಿಳ್ಳೆಯ ಬಲ ಪೂರ್ಣ ಧ್ವನಿಯ 750ನೇ ಒಂದರಷ್ಟು ಮಾತ್ರ.

ಈಗ ಅದೇ ತರಂಗವನ್ನು 15 ಕಿಲೋಹರ್ಟ್ಸ್ ದೂರಕ್ಕೆ ಸರಿಸಿ. ಎಎಂನಲ್ಲಿ ಅದು ಇನ್ನೂ ಹತ್ತನೇ ಒಂದು. ದೂರದಿಂದ ಅದಕ್ಕೆ ವ್ಯತ್ಯಾಸವಿಲ್ಲ. ಎಫ್‌ಎಂನಲ್ಲಿ ವಿಚಲನೆ 1500 ಹರ್ಟ್ಸ್‌ಗೆ ಏರಿ, ಶಿಳ್ಳೆ ಐವತ್ತನೇ ಒಂದರಷ್ಟಾಗುತ್ತದೆ. ಎಂದರೆ ಎಫ್‌ಎಂನಲ್ಲಿ ವಾಹಕಕ್ಕೆ ಹತ್ತಿರವಿರುವ ಗದ್ದಲ ಬಹುತೇಕ ನಿರುಪದ್ರವಿ. ದೂರ ಹೋದಂತೆ ಅದರ ಪರಿಣಾಮ ನೇರವಾಗಿ ಏರುತ್ತದೆ. ಕಾಗದದ ಮೇಲೆ ಎಳೆದರೆ ಎಎಂ ಗದ್ದಲ ಆಯತದಂತೆಯೂ ಎಫ್‌ಎಂ ಗದ್ದಲ ವಾಹಕದ ಬಳಿ ಸೊನ್ನೆಯಿಂದ ಏಳುವ ತ್ರಿಕೋನದಂತೆಯೂ ಕಾಣುತ್ತದೆ.

ಇದನ್ನೆಲ್ಲ ಕೂಡಿಸಿದರೆ ಒಟ್ಟು ಲಾಭ ಎಷ್ಟು?

ವಾಹಕದ ಶಕ್ತಿ, ಗದ್ದಲದ ಸಾಂದ್ರತೆ, 15 ಕಿಲೋಹರ್ಟ್ಸ್ ಧ್ವನಿ, ಎಲ್ಲವೂ ಎರಡರಲ್ಲೂ ಒಂದೇ ಇವೆ, ಎರಡೂ ಪೂರ್ಣವಾಗಿ ಮಾಡ್ಯುಲೇಟ್ ಆಗಿವೆ ಎಂದುಕೊಳ್ಳೋಣ. ತ್ರಿಕೋನದ ಅತಿ ಎತ್ತರದ ಅಂಚಿನಲ್ಲೂ ಎಫ್‌ಎಂ ಗದ್ದಲ ಎಎಂನ ಐದನೇ ಒಂದು ಎಂಬುದನ್ನು ಮೇಲಿನ ಉದಾಹರಣೆಯೇ ತೋರಿಸಿತು, ಏಕೆಂದರೆ 75 ಅನ್ನು 15ರಿಂದ ಭಾಗಿಸಿದರೆ 5. ಶಕ್ತಿಯಲ್ಲಿ ಇದು 25 ಪಟ್ಟು. ಅಂಚಿನಿಂದ ಒಳಗೆ ಬಂದಂತೆ ಗದ್ದಲ ಇನ್ನೂ ಇಳಿಯುವುದರಿಂದ ಇಡೀ ಪಟ್ಟಿಯ ಮೇಲೆ ಸರಾಸರಿ ತೆಗೆದಾಗ ಇನ್ನೊಂದು 3 ಪಟ್ಟು ಸೇರುತ್ತದೆ. ಒಟ್ಟು 75 ಪಟ್ಟು, ಡೆಸಿಬೆಲ್‌ಗಳಲ್ಲಿ ಸುಮಾರು 18.8. ವಿಚಲನೆಯ ಅನುಪಾತವನ್ನು `β` ಎಂದು ಕರೆದರೆ ಲಾಭ `3β²`. ವಿಚಲನೆಯನ್ನು ಎರಡರಷ್ಟು ಮಾಡಿದಾಗ ಜಾಗ ಎರಡರಷ್ಟೂ ಹೆಚ್ಚದೆ ಗದ್ದಲ ನಾಲ್ಕನೇ ಒಂದಕ್ಕೆ ಇಳಿಯುವುದು ಈ ವರ್ಗದಿಂದಾಗಿ.

ರಿಸೀವರ್ ಆರು ಪಟ್ಟು ಅಗಲವಾದರೆ ಆರು ಪಟ್ಟು ಗದ್ದಲ ಒಳಗೆ ಬರಬೇಕಲ್ಲವೇ?

ಡಿಟೆಕ್ಟರ್‌ವರೆಗೆ ಬರುತ್ತದೆ, ಕಿವಿಯವರೆಗೆ ಬರುವುದಿಲ್ಲ. ವಾಹಕದಿಂದ 50 ಕಿಲೋಹರ್ಟ್ಸ್ ದೂರದ ಗದ್ದಲ ಡಿಟೆಕ್ಟರ್‌ನಿಂದ 50 ಕಿಲೋಹರ್ಟ್ಸ್ ಸಂಕೇತವಾಗಿಯೇ ಹೊರಬರುತ್ತದೆ, ಮುಂದಿರುವ ಧ್ವನಿ ಫಿಲ್ಟರ್ 15 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ತಡೆಯುತ್ತದೆ. ಆದರೆ ಈ ಮಾತು ವಾಹಕ ಗದ್ದಲಕ್ಕಿಂತ ಸಾಕಷ್ಟು ಬಲವಾಗಿರುವವರೆಗೆ ಮಾತ್ರ ನಿಜ.

ವಾಹಕ ಬಲಹೀನವಾದಾಗ ಏನಾಗುತ್ತದೆ?

ಎಫ್‌ಎಂನ ನಿಜವಾದ ಮಿತಿ ಇರುವುದು ಇಲ್ಲೇ. ಬಾಣದ ಚಿತ್ರಕ್ಕೆ ಮರಳಿದರೆ, ಗದ್ದಲದ ಬಾಣ ಚಿಕ್ಕದಾಗಿರುವಾಗ ಅದು ದೊಡ್ಡ ಬಾಣದ ತುದಿಯನ್ನು ತುಸು ಅಲುಗಿಸುತ್ತದೆ ಅಷ್ಟೆ. ಅದು ಕೆಲವು ಕ್ಷಣಗಳಲ್ಲಿ ದೊಡ್ಡದಕ್ಕಿಂತ ಉದ್ದವಾಗಿಬಿಟ್ಟರೆ, ಒಟ್ಟು ಬಾಣದ ತುದಿ ಮೂಲಬಿಂದುವನ್ನೇ ಒಂದು ಸುತ್ತು ಹಾಕಬಹುದು. ಫೇಸ್ ಹೀಗೆ ಒಮ್ಮೆಲೇ 360 ಡಿಗ್ರಿ ಜಿಗಿದಾಗ ಡಿಟೆಕ್ಟರ್‌ನಿಂದ ಚೂಪಾದ ಒಂದು ಸ್ಪಂದ ಬರುತ್ತದೆ, ಕಿವಿಗೆ ಅದು ಚಟ್ ಎಂದು ಕೇಳಿಸುತ್ತದೆ. ಸಂಕೇತ ಇಳಿದಂತೆ ಈ ಚಟಪಟ ವಿರಳದಿಂದ ದಟ್ಟವಾಗುತ್ತಾ ಹೋಗಿ ಕೊನೆಗೆ ಧ್ವನಿಯನ್ನೇ ನುಂಗಿಬಿಡುತ್ತದೆ. ಸಾಮಾನ್ಯ ಎಫ್‌ಎಂ ಡಿಟೆಕ್ಟರ್‌ನಲ್ಲಿ ರಿಸೀವರ್‌ನ ಪೂರ್ಣ ಅಗಲದಲ್ಲಿ ಅಳೆದ ವಾಹಕ ಮತ್ತು ಗದ್ದಲದ ಅನುಪಾತ ಸುಮಾರು 10 ಡೆಸಿಬೆಲ್‌ಗೆ ಇಳಿದಾಗ ಇದು ಶುರುವಾಗುತ್ತದೆ. ಇದನ್ನು ಥ್ರೆಶೋಲ್ಡ್ ಎನ್ನುತ್ತಾರೆ.

ಆರು ಪಟ್ಟಿನ ಅಂಕಿ ಈಗ ಬೇಕಾಗುತ್ತದೆ. 180 ಕಿಲೋಹರ್ಟ್ಸ್ ಅಗಲದ ಎಫ್‌ಎಂ ರಿಸೀವರ್‌ನಲ್ಲಿ ಅನುಪಾತ ಸರಿಯಾಗಿ 10 ಡೆಸಿಬೆಲ್ ಇದೆಯೆನ್ನಿ. ಅದೇ ಬಲದ ವಾಹಕ 30 ಕಿಲೋಹರ್ಟ್ಸ್ ಅಗಲದ ಎಎಂ ರಿಸೀವರ್‌ಗೆ ಬಂದರೆ ಅದರೊಳಗಿನ ಗದ್ದಲ ಆರನೇ ಒಂದು, ಅಂದರೆ 7.8 ಡೆಸಿಬೆಲ್ ಕಡಿಮೆ, ಅನುಪಾತ 17.8 ಡೆಸಿಬೆಲ್. ಪೂರ್ಣ ಮಾಡ್ಯುಲೇಷನ್ ಇರುವ ಒಂದೇ ಸ್ವರಕ್ಕೆ ಎಎಂನ ಹೊರಬರುವ ಧ್ವನಿಯಲ್ಲೂ ಅಷ್ಟೇ 17.8 ಡೆಸಿಬೆಲ್ ಸಿಗುತ್ತದೆ. ಎಫ್‌ಎಂನಲ್ಲಿ ಅದಕ್ಕೆ 18.8 ಸೇರಿ ಸುಮಾರು 36.5 ಡೆಸಿಬೆಲ್ ಸಿಗುತ್ತದೆ. ಥ್ರೆಶೋಲ್ಡಿನ ಅಂಚಿನಲ್ಲಿ ನಿಂತೂ ಎಫ್‌ಎಂ ಇಷ್ಟು ಮುಂದಿದೆ.

ಸಂಕೇತವನ್ನು ಇನ್ನೂ 10 ಡೆಸಿಬೆಲ್ ಇಳಿಸಿ. ಎಎಂ 7.8ಕ್ಕೆ ಬರುತ್ತದೆ: ಗದ್ದಲ ಬಹಳ, ಆದರೂ ಗಮನವಿಟ್ಟು ಕೇಳಿದರೆ ಮಾತು ತಿಳಿಯುತ್ತದೆ. ಎಫ್‌ಎಂ ರಿಸೀವರ್‌ನೊಳಗೆ ಈಗ ವಾಹಕವೂ ಗದ್ದಲವೂ ಸಮಬಲ, 26.5 ಸಿಗಬೇಕಿದ್ದ ಲೆಕ್ಕ ಪೂರ್ತಿ ಮುರಿದುಬಿದ್ದು, ಬರೀ ಚಟಪಟ ಮತ್ತು ಭೋರೆಂಬ ಸದ್ದು ಉಳಿಯುತ್ತದೆ. ಎಎಂ ನಿಧಾನವಾಗಿ ಸೊರಗುತ್ತದೆ, ಎಫ್‌ಎಂ ಒಂದು ಹಂತದವರೆಗೆ ಸ್ವಚ್ಛವಾಗಿದ್ದು ಥಟ್ಟನೆ ಕುಸಿಯುತ್ತದೆ. ವಿಚಲನೆಯನ್ನು ಹೆಚ್ಚಿಸುತ್ತಲೇ ಹೋಗಲು ಸಾಧ್ಯವಿಲ್ಲದ್ದಕ್ಕೂ ಇದೇ ಕಾರಣ: ರಿಸೀವರ್ ಅಗಲವಾದಷ್ಟೂ ಒಳಗಿನ ಗದ್ದಲ ಹೆಚ್ಚಿ, ಥ್ರೆಶೋಲ್ಡ್ ದಾಟಲು ಬೇಕಾದ ವಾಹಕದ ಬಲವೂ ಹೆಚ್ಚುತ್ತದೆ.

ಕೇಳುತ್ತಿರುವ ಗದ್ದಲ ಥ್ರೆಶೋಲ್ಡಿನದೇ ಎಂದು ಗುರುತಿಸುವುದು ಹೇಗೆ?

ಥ್ರೆಶೋಲ್ಡಿನ ಮೇಲೆ ಇರುವ ಗದ್ದಲ ಒಂದೇ ಸಮನೆ ಹಿಸ್ ಎನ್ನುತ್ತದೆ, ತ್ರಿಕೋನದ ಆಕಾರದಿಂದಾಗಿ ಅದರಲ್ಲಿ ಮೇಲಿನ ಸ್ವರಗಳೇ ಹೆಚ್ಚು. ಥ್ರೆಶೋಲ್ಡ್ ಸಮೀಪಿಸಿದಾಗ ಆ ಹಿಸ್ ನಡುವೆ ಬಿಡಿಬಿಡಿ ಚಟ್ ಸದ್ದುಗಳು ಏಳುತ್ತವೆ, ಜೋರಾದ ಧ್ವನಿಯ ಹೊತ್ತಿಗೆ ಅವು ಹೆಚ್ಚಾಗುತ್ತವೆ. ಆಂಟೆನಾವನ್ನು ತುಸು ಸರಿಸಿದಾಗ ಅಥವಾ ಒಂದೆರಡು ಡೆಸಿಬೆಲ್ ಸಂಕೇತ ಹೆಚ್ಚಿದಾಗ ಚಟಪಟ ನಾಟಕೀಯವಾಗಿ ಮಾಯವಾದರೆ ಸಂದೇಹವೇ ಬೇಡ. ಬರೀ ಹಿಸ್ ಆಗಿದ್ದರೆ ಅದೇ ಒಂದೆರಡು ಡೆಸಿಬೆಲ್‌ಗೆ ಒಂದೆರಡು ಡೆಸಿಬೆಲ್ ಸುಧಾರಣೆಯಷ್ಟೇ ಕಾಣುತ್ತದೆ.

ಪ್ರೀ-ಎಂಫಸಿಸ್ ಏಕೆ ಮಾಡುತ್ತಾರೆ?

ಎಫ್‌ಎಂ ಗದ್ದಲ ಮೇಲಿನ ಸ್ವರಗಳಲ್ಲಿ ಗುಂಪುಗೂಡುತ್ತದೆ, ಮಾತು ಮತ್ತು ಸಂಗೀತದ ಶಕ್ತಿ ಸಾಮಾನ್ಯವಾಗಿ ಅಲ್ಲೇ ಕಡಿಮೆ. ಆದ್ದರಿಂದ ಪ್ರಸಾರದಲ್ಲಿ ಮೇಲಿನ ಸ್ವರಗಳನ್ನು ಎತ್ತಿ ಕಳುಹಿಸಿ, ರಿಸೀವರ್‌ನಲ್ಲಿ ಅಷ್ಟೇ ತಗ್ಗಿಸುತ್ತಾರೆ. ಧ್ವನಿ ಮೊದಲಿನಂತಾಗುತ್ತದೆ, ಜೊತೆಗೆ ಗದ್ದಲವೂ ತಗ್ಗುತ್ತದೆ. 50 ಮೈಕ್ರೋಸೆಕೆಂಡ್ ಮಾನಕದಲ್ಲಿ ಗದ್ದಲದ ಇಳಿತ ಲೆಕ್ಕದ ಪ್ರಕಾರ ಸುಮಾರು 10 ಡೆಸಿಬೆಲ್, ಅಮೆರಿಕದಲ್ಲಿ ಬಳಸುವ 75 ಮೈಕ್ರೋಸೆಕೆಂಡ್‌ನಲ್ಲಿ ಸುಮಾರು 13. ಮೇಲಿನ ಸ್ವರಗಳನ್ನು ಎತ್ತಿದಾಗ ವಿಚಲನೆಯ ಮಿತಿ ಮೀರದಂತೆ ಒಟ್ಟು ಮಟ್ಟವನ್ನು ತುಸು ಇಳಿಸಬೇಕಾಗುವುದರಿಂದ ಕೈಗೆ ಸಿಗುವ ಲಾಭ ಇದಕ್ಕಿಂತ ಸ್ವಲ್ಪ ಕಡಿಮೆ.

ಸ್ಟೀರಿಯೋಗೆ ಬದಲಾಯಿಸಿದ ಕೂಡಲೇ ಹಿಸ್ ಹೆಚ್ಚುವುದೇಕೆ?

ಎಡ ಮತ್ತು ಬಲ ಧ್ವನಿಗಳ ವ್ಯತ್ಯಾಸವನ್ನು ಹೊತ್ತ ಭಾಗವನ್ನು 23ರಿಂದ 53 ಕಿಲೋಹರ್ಟ್ಸ್ ನಡುವೆ ಇಟ್ಟು ಕಳುಹಿಸುತ್ತಾರೆ. ತ್ರಿಕೋನದಲ್ಲಿ ಅದು ಬಹಳ ಎತ್ತರದ ಜಾಗ, ಹಾಗಾಗಿ ಅಲ್ಲಿಂದ ಕೆಳಗಿಳಿಸಿ ತಂದ ಧ್ವನಿಯ ಜೊತೆ ಗದ್ದಲವೂ ಧಾರಾಳವಾಗಿ ಬರುತ್ತದೆ. ಸಂಕೇತ ದುರ್ಬಲವಾಗಿರುವೆಡೆ ಮೋನೋಗೆ ಬದಲಾಯಿಸಿದರೆ ಆ ಭಾಗವನ್ನೇ ಕೈಬಿಟ್ಟಂತಾಗಿ ಹಿಸ್ ಇಳಿಯುತ್ತದೆ.

ವಾಕಿಟಾಕಿಯಂತಹ ಕಿರುಪಟ್ಟಿಯ ಎಫ್‌ಎಂಗೂ ಈ ಲಾಭ ಇದೆಯೇ?

ಬಹಳ ಕಡಿಮೆ. 12.5 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ 2.5 ಕಿಲೋಹರ್ಟ್ಸ್ ವಿಚಲನೆಯೂ 3 ಕಿಲೋಹರ್ಟ್ಸ್ ಮಾತೂ ಇದ್ದರೆ ಕಾರ್ಸನ್ ನಿಯಮದ ಪ್ರಕಾರ 11 ಕಿಲೋಹರ್ಟ್ಸ್ ಜಾಗ ಬೇಕು. `β` ಸುಮಾರು 0.83 ಆಗಿ, ಎಎಂಗಿಂತ ಸಿಗುವ ಲಾಭ ಸುಮಾರು 2 ಪಟ್ಟು, ಅಂದರೆ 3 ಡೆಸಿಬೆಲ್ ಅಷ್ಟೆ. `β` 0.58ಕ್ಕೆ ಇಳಿದರೆ ಲಾಭ ಪೂರ್ತಿ ಇಲ್ಲವಾಗುತ್ತದೆ, ಆಗಲೂ ಎಎಂಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಜಾಗ ಬೇಕಾಗುತ್ತದೆ. ಎಫ್‌ಎಂ ಎಂದರೆ ಗದ್ದಲರಹಿತ ಎಂಬ ಮಾತು ಹುಸಿಯಾಗುವುದು ಇಲ್ಲಿ. ಇಂತಹ ಉಪಕರಣಗಳಲ್ಲಿ ಎಫ್‌ಎಂ ಬಳಸಲು ಬೇರೆ ಕಾರಣಗಳಿವೆ: ಪಾರ ಸ್ಥಿರವಾಗಿರುವುದರಿಂದ ಟ್ರಾನ್ಸ್‌ಮಿಟರ್‌ನ ಕೊನೆಯ ಹಂತವನ್ನು ಹೆಚ್ಚು ದಕ್ಷವಾಗಿ ನಡೆಸಬಹುದು, ಮತ್ತು ಚಲಿಸುವಾಗ ಸಂಕೇತ ಏರಿಳಿದರೂ ಧ್ವನಿಯ ಮಟ್ಟ ಒಂದೇ ಇರುತ್ತದೆ.

ಮಧ್ಯಮ ತರಂಗಕ್ಕಿಂತ ಎಫ್‌ಎಂ ಪ್ರಸಾರ ಸ್ವಚ್ಛವಾಗಿ ಕೇಳುವುದಕ್ಕೆ ಮಾಡ್ಯುಲೇಷನ್ ಒಂದೇ ಕಾರಣವೇ?

ಅಲ್ಲ. ದೂರದ ಮಿಂಚಿನ ಸದ್ದು, ವಿದ್ಯುತ್ ಉಪಕರಣಗಳ ಕಿರಿಕಿರಿ ಮಧ್ಯಮ ತರಂಗಗಳಲ್ಲಿ ತೀವ್ರವಾಗಿದ್ದು 100 ಮೆಗಾಹರ್ಟ್ಸ್ ಸುತ್ತ ಬಹಳಷ್ಟು ತಗ್ಗಿರುತ್ತವೆ. ರಾತ್ರಿ ಅಯಾನುಗೋಳದಿಂದ ಪ್ರತಿಫಲಿಸಿ ಬರುವ ದೂರದ ಕೇಂದ್ರಗಳ ಕಾಟವೂ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಧ್ವನಿಯ ವ್ಯಾಪ್ತಿಯೂ ಎರಡರಲ್ಲಿ ಸಮವಲ್ಲ. ಎರಡು ಮಾಡ್ಯುಲೇಷನ್‌ಗಳನ್ನು ನ್ಯಾಯವಾಗಿ ಹೋಲಿಸಬೇಕಾದರೆ ಒಂದೇ ಆವೃತ್ತಿ, ಒಂದೇ ಧ್ವನಿ ವ್ಯಾಪ್ತಿ, ಒಂದೇ ವಾಹಕ ಶಕ್ತಿ ಇಟ್ಟುಕೊಂಡು ಅಳೆಯಬೇಕು, 18.8 ಡೆಸಿಬೆಲ್ ಎಂಬುದು ಅಂತಹ ಹೋಲಿಕೆಯ ಫಲ.

ಇಷ್ಟೆಲ್ಲ ಲಾಭವಿದ್ದರೂ ವಿಮಾನಗಳ ಸಂವಹನದಲ್ಲಿ ಇನ್ನೂ ಎಎಂ ಏಕಿದೆ?

118ರಿಂದ 137 ಮೆಗಾಹರ್ಟ್ಸ್ ನಡುವೆ ವಿಮಾನ ಚಾಲಕರೂ ನಿಯಂತ್ರಕರೂ ಮಾತನಾಡುವುದು ಎಎಂನಲ್ಲೇ. ಒಂದೇ ಚಾನೆಲ್‌ನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಎಫ್‌ಎಂ ರಿಸೀವರ್ ಬಲವಾದ ಸಂಕೇತವನ್ನು ಹಿಡಿದು ದುರ್ಬಲವಾದದ್ದನ್ನು ಅದುಮಿಬಿಡುತ್ತದೆ. ಮೇಲಿನ ಶಿಳ್ಳೆಯ ಉದಾಹರಣೆಯಲ್ಲಿ ಗದ್ದಲವನ್ನು ಅಡಗಿಸಿದ ಗುಣವೇ ಇಲ್ಲಿ ಇನ್ನೊಬ್ಬರ ಮಾತನ್ನೂ ಅಡಗಿಸುತ್ತದೆ, ಹಾಗೆ ಅಡಗಿದ್ದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಎಎಂನಲ್ಲಿ ಎರಡು ವಾಹಕಗಳ ವ್ಯತ್ಯಾಸ ಜೋರಾದ ಶಿಳ್ಳೆಯಾಗಿ ಕೇಳಿಸಿ, ಇನ್ನೊಬ್ಬರೂ ಕರೆಯುತ್ತಿದ್ದಾರೆಂದು ನಿಯಂತ್ರಕರಿಗೆ ತಿಳಿಯುತ್ತದೆ, ಮತ್ತೊಮ್ಮೆ ಹೇಳುವಂತೆ ಅವರು ಕೇಳಬಹುದು. ಜಗತ್ತಿನಾದ್ಯಂತ ಈಗಾಗಲೇ ಅಳವಡಿಸಿರುವ ಉಪಕರಣಗಳನ್ನು ಒಟ್ಟಿಗೆ ಬದಲಾಯಿಸುವ ಕಷ್ಟವೂ ಇದಕ್ಕೆ ಸೇರುತ್ತದೆ. ಅಲ್ಲಿನ ಎಎಂ ಚಾನೆಲ್ ಅಂತರ 25 ಕಿಲೋಹರ್ಟ್ಸ್, ಯುರೋಪಿನಲ್ಲಿ ಅದನ್ನು 8.33 ಕಿಲೋಹರ್ಟ್ಸ್‌ಗೆ ಇಳಿಸಿದ್ದಾರೆ. ಅಷ್ಟು ಕಿರಿದಾದ ಜಾಗದಲ್ಲಿ 3 ಕಿಲೋಹರ್ಟ್ಸ್ ಮಾತನ್ನು ಎಫ್‌ಎಂನಲ್ಲಿ ಕಳುಹಿಸಹೋದರೆ ವಿಚಲನೆಗೆ ಉಳಿಯುವುದು ಒಂದು ಕಿಲೋಹರ್ಟ್ಸ್‌ನ ಆಸುಪಾಸು, ಆ ವಿಚಲನೆಯಲ್ಲಿ ಗದ್ದಲದ ಲೆಕ್ಕ ಎಎಂನ ಪರವಾಗಿಯೇ ಇರುತ್ತದೆ.